ಮೂರು ವ್ರತ, ಮೂರು ಹೊತ್ತು

ಏಕಾದಶಿ, ಪ್ರದೋಷ, ಸಂಕಷ್ಟಿ – ಈ ಮೂರು ಉಪವಾಸದ ದಿನಗಳನ್ನು ತಿಂಗಳ ಪಂಚಾಂಗದ ಪುಟದಲ್ಲಿ ಹುಡುಕುವಾಗ ಅನೇಕರು ಮಾಡುವುದು ಒಂದೇ ಕೆಲಸ. ತಾರೀಖಿನ ಕೆಳಗೆ ಯಾವ ತಿಥಿ ಅಚ್ಚಾಗಿದೆಯೋ ಅದನ್ನು ನೋಡಿ ದಿನವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಏಕಾದಶಿಯ ಮಟ್ಟಿಗೆ ಇದು ಬಹುಪಾಲು ಸರಿಹೋಗುತ್ತದೆ. ಪ್ರದೋಷಕ್ಕೆ ಹಲವು ಸಲ ತಪ್ಪುತ್ತದೆ, ಸಂಕಷ್ಟಿಗಂತೂ ಮತ್ತೆ ಮತ್ತೆ ತಪ್ಪುತ್ತದೆ. ಕಾರಣ ಇಷ್ಟೇ: ಪುಟದಲ್ಲಿ ಅಚ್ಚಾಗಿರುವುದು ಸೂರ್ಯೋದಯದ ಹೊತ್ತಿಗೆ ಇರುವ ತಿಥಿ. ಆದರೆ ಈ ಮೂರು ವ್ರತಗಳು ನೋಡುವ ಹೊತ್ತು ಮೂರು ಬಗೆಯದು. ಏಕಾದಶಿಗೆ ಬೆಳಗು, ಪ್ರದೋಷಕ್ಕೆ ಸೂರ್ಯಾಸ್ತ, ಸಂಕಷ್ಟಿಗೆ ಚಂದ್ರೋದಯ.

ಈ ವ್ಯವಸ್ಥೆ ಹೇಗೆ ಬಂತು ಎಂಬುದನ್ನು ತಿಳಿಯಲು ಮೊದಲು ತಿಥಿ ಎಂದರೇನು ಎಂದು ನೆನಪಿಸಿಕೊಳ್ಳಬೇಕು. ಆಕಾಶದಲ್ಲಿ ಚಂದ್ರನು ಸೂರ್ಯನಿಂದ ಹನ್ನೆರಡು ಅಂಶ ದೂರ ಸರಿಯಲು ಹಿಡಿಯುವ ಕಾಲ ಒಂದು ತಿಥಿ. ಚಂದ್ರನ ನಡೆ ಒಂದೇ ಸಮ ಇರುವುದಿಲ್ಲ. ಭೂಮಿಗೆ ಹತ್ತಿರವಿದ್ದಾಗ ಬಿರುಸು, ದೂರವಿದ್ದಾಗ ನಿಧಾನ. ಹೀಗಾಗಿ ಒಂದು ತಿಥಿ ಇಪ್ಪತ್ತು ಗಂಟೆಯಲ್ಲೇ ಮುಗಿಯಬಹುದು, ಇಪ್ಪತ್ತಾರು ಗಂಟೆ ದಾಟಿಯೂ ನಡೆಯಬಹುದು. ಅದು ಹಗಲಿನ ಯಾವ ಗಳಿಗೆಯಲ್ಲಾದರೂ ಮೊದಲಾಗಿ, ರಾತ್ರಿಯ ಯಾವ ಗಳಿಗೆಯಲ್ಲಾದರೂ ಮುಗಿದೀತು. ದಿನವಾದರೋ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ತಿಥಿಯ ಲೆಕ್ಕ ಒಂದು, ದಿನದ ಲೆಕ್ಕ ಇನ್ನೊಂದು. ಒಂದು ತಿಥಿ ಎರಡು ದಿನಗಳಲ್ಲಿ ಹಂಚಿಹೋದಾಗ ವ್ರತ ಯಾವ ದಿನ ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಬಿಡಿಸಲೆಂದೇ ನಮ್ಮಲ್ಲಿ ಒಂದು ಪ್ರತ್ಯೇಕ ಶಾಸ್ತ್ರಸಾಹಿತ್ಯ ಬೆಳೆಯಿತು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಹೇಮಾದ್ರಿ ತನ್ನ ‘ಚತುರ್ವರ್ಗ ಚಿಂತಾಮಣಿ’ಯಲ್ಲಿ ವ್ರತಗಳನ್ನೂ ಅವುಗಳ ಕಾಲವನ್ನೂ ವಿಸ್ತಾರವಾಗಿ ಚರ್ಚಿಸಿದ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರು ಕಾಲನಿರ್ಣಯಕ್ಕೇ ಮೀಸಲಾದ ಗ್ರಂಥವನ್ನು ಬರೆದರು. ಅದು ‘ಕಾಲಮಾಧವ’ ಎಂಬ ಹೆಸರಿನಿಂದ ಪ್ರಸಿದ್ಧ. ಮುಂದೆ 1612ರಲ್ಲಿ ಕಾಶಿಯ ಕಮಲಾಕರ ಭಟ್ಟನ ‘ನಿರ್ಣಯಸಿಂಧು’, 1790ರಲ್ಲಿ ಕಾಶೀನಾಥ ಉಪಾಧ್ಯಾಯನ ‘ಧರ್ಮಸಿಂಧು’ ಬಂದವು. ಇವತ್ತಿಗೂ ಪಂಚಾಂಗಕರ್ತರು ಸಂದೇಹ ಬಂದಾಗ ತೆರೆದು ನೋಡುವುದು ಇವುಗಳನ್ನೇ. ಇವೆಲ್ಲವುಗಳ ಮೂಲಸೂತ್ರವನ್ನು ಒಂದು ಮಾತಿನಲ್ಲಿ ಹೇಳಬಹುದು: ಕರ್ಮಕಾಲದಲ್ಲಿ ತಿಥಿ ವ್ಯಾಪಿಸಿರಬೇಕು. ಅಂದರೆ ಆ ವ್ರತದ ಮುಖ್ಯ ಪೂಜೆ ನಡೆಯುವ ಹೊತ್ತಿಗೆ ಆ ತಿಥಿ ಇರಬೇಕು. ಶಿವಪೂಜೆ ಸಂಜೆಯದು, ಆದ್ದರಿಂದ ತ್ರಯೋದಶಿ ಸಂಜೆಗೆ ಇರಬೇಕು. ಗಣಪತಿಯ ಪೂಜೆ ಮುಗಿಸಿ, ಚಂದ್ರನಿಗೆ ಅರ್ಘ್ಯ ಕೊಟ್ಟ ಮೇಲೆಯೇ ಊಟ, ಆದ್ದರಿಂದ ಬಹುಳ ಚತುರ್ಥಿ ಚಂದ್ರೋದಯಕ್ಕೆ ಇರಬೇಕು.

ಈಗ ನಿಜವಾದ ಒಂದು ಪಕ್ಷವನ್ನೇ ತೆಗೆದುಕೊಂಡು ನೋಡೋಣ. 2024ರ ನವೆಂಬರ್, ಕಾರ್ತಿಕ ಮಾಸದ ಬಹುಳ ಪಕ್ಷ. ಇಲ್ಲಿ ಕೊಡುವ ವೇಳೆಗಳು ದೃಗ್ಗಣಿತದವು.

ಮೊದಲು ಸಂಕಷ್ಟಿ. ಚತುರ್ಥಿ ಮೊದಲಾದದ್ದು ನವೆಂಬರ್ 18, ಸೋಮವಾರ ಸಂಜೆ 6-55ಕ್ಕೆ. ಮುಗಿದದ್ದು ಮಂಗಳವಾರ ಸಂಜೆ 5-28ಕ್ಕೆ. ಪುಟದಲ್ಲಿ 18ರ ಎದುರಿಗೆ ತದಿಗೆ ಎಂದೂ 19ರ ಎದುರಿಗೆ ಚೌತಿ ಎಂದೂ ಕಾಣುತ್ತದೆ. ಅವಸರದಲ್ಲಿ ನೋಡಿದವರು ಮಂಗಳವಾರ ಎಂದುಕೊಳ್ಳುತ್ತಾರೆ. ಮಂಗಳವಾರದ ಸಂಕಷ್ಟಿ ಅಂಗಾರಕ ಸಂಕಷ್ಟಿ ಎಂದು ಸಂತೋಷವನ್ನೂ ಪಡುತ್ತಾರೆ. ಆದರೆ ಚಂದ್ರೋದಯವನ್ನು ನೋಡಿ. ಸೋಮವಾರ ಬೆಂಗಳೂರಿನಲ್ಲಿ ಚಂದ್ರ ಹುಟ್ಟಿದ್ದು ರಾತ್ರಿ ಎಂಟು ದಾಟಿದ ಮೇಲೆ. ಆಗ ಚೌತಿ ಮೊದಲಾಗಿ ಒಂದು ಗಂಟೆಗೂ ಹೆಚ್ಚು ಹೊತ್ತು ಕಳೆದಿತ್ತು. ಮಂಗಳವಾರ ಚಂದ್ರ ಹುಟ್ಟುವುದು ಇನ್ನೂ ತಡ. ಅಷ್ಟರಲ್ಲಿ ಚೌತಿ ಮುಗಿದು ಪಂಚಮಿ ಬಂದಿತ್ತು. ಆದ್ದರಿಂದ ಸಂಕಷ್ಟಿ ಸೋಮವಾರವೇ. ಅದು ಅಂಗಾರಕ ಸಂಕಷ್ಟಿ ಅಲ್ಲ.

ಇಲ್ಲಿ ನೀವು ಮಾಡಬೇಕಾದ್ದು ಇಷ್ಟು. ಚೌತಿ ಎಂದು ಅಚ್ಚಾದ ಸಾಲನ್ನು ಬೆರಳಿಟ್ಟು ಹಿಡಿಯಿರಿ. ಅದರ ಹಿಂದಿನ ಸಾಲಿನಲ್ಲಿ ತದಿಗೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ನೋಡಿ. ಅದೇ ಚೌತಿಯ ಆರಂಭ. ಎರಡೂ ದಿನದ ಚಂದ್ರೋದಯವನ್ನು ಇದರ ಜೊತೆಗಿಟ್ಟು ನೋಡಿ. ಎರಡೂ ದಿನ ಚಂದ್ರೋದಯಕ್ಕೆ ಚೌತಿ ಸಿಕ್ಕಿದರೆ ತದಿಗೆಯೊಡನೆ ಕೂಡಿದ ಮೊದಲ ದಿನವನ್ನೂ, ಎರಡೂ ದಿನ ಸಿಗದಿದ್ದರೆ ಎರಡನೆಯ ದಿನವನ್ನೂ ಹಿಡಿಯಬೇಕೆಂದು ನಿರ್ಣಯಗ್ರಂಥಗಳು ಹೇಳುತ್ತವೆ. ಚಂದ್ರೋದಯದ ವೇಳೆ ಮಾತ್ರ ನಿಮ್ಮ ಊರಿನದೇ ಆಗಿರಬೇಕು. ದೂರದ ಊರಿಗೆಂದು ಅಚ್ಚಾದ ಕ್ಯಾಲೆಂಡರಿನಲ್ಲಿ ಅದು ಅರ್ಧ ಗಂಟೆಯಷ್ಟು ಆಚೀಚೆ ಆಗಬಹುದು.

ಇನ್ನು ಅದೇ ಪಕ್ಷದ ಪ್ರದೋಷ. ತ್ರಯೋದಶಿ ಮೊದಲಾದದ್ದು ನವೆಂಬರ್ 28, ಗುರುವಾರ ಬೆಳಿಗ್ಗೆ 6-23ಕ್ಕೆ. ಮುಗಿದದ್ದು ಶುಕ್ರವಾರ ಬೆಳಿಗ್ಗೆ 8-39ಕ್ಕೆ. ಬೆಂಗಳೂರಿನಲ್ಲಿ ಗುರುವಾರದ ಸೂರ್ಯೋದಯವೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಒಂದೆರಡು ನಿಮಿಷದ ವ್ಯತ್ಯಾಸದಲ್ಲಿ ಒಂದು ಪುಟ ಗುರುವಾರಕ್ಕೆ ದ್ವಾದಶಿ ಎಂದು ಅಚ್ಚುಮಾಡಬಹುದು, ಮತ್ತೊಂದು ತ್ರಯೋದಶಿ ಎಂದು. ಶುಕ್ರವಾರದ ಸೂರ್ಯೋದಯಕ್ಕೂ ತ್ರಯೋದಶಿಯೇ ಇರುವುದರಿಂದ ಆ ದಿನಕ್ಕಂತೂ ಎಲ್ಲ ಪುಟಗಳೂ ತ್ರಯೋದಶಿ ಎಂದೇ ಹೇಳುತ್ತವೆ. ಆದರೂ ಪ್ರದೋಷ ಯಾವ ದಿನ ಎಂಬುದರಲ್ಲಿ ಸಂದೇಹವಿಲ್ಲ. ಸೂರ್ಯಾಸ್ತ ಸುಮಾರು 5-50ಕ್ಕೆ. ಗುರುವಾರದ ಸೂರ್ಯಾಸ್ತಕ್ಕೆ ತ್ರಯೋದಶಿ, ಶುಕ್ರವಾರದ ಸೂರ್ಯಾಸ್ತಕ್ಕೆ ಚತುರ್ದಶಿ. ಪ್ರದೋಷ ಗುರುವಾರವೇ. ಹೀಗೆ ಬೆಳಗಿನ ತಿಥಿ ಏನೇ ಇರಲಿ, ಪ್ರದೋಷ ನೋಡುವವರು ಕಣ್ಣಿಡಬೇಕಾದ್ದು ಸಂಜೆಯ ಮೇಲೆ. ಸುಲಭದ ಗುರುತು ಒಂದಿದೆ. ತ್ರಯೋದಶಿ ಎಂದು ಅಚ್ಚಾದ ದಿನ ಆ ತಿಥಿ ಸೂರ್ಯಾಸ್ತಕ್ಕೆ ಮೊದಲೇ ಮುಗಿಯುವಂತಿದ್ದರೆ, ಹಿಂದಿನ ದಿನದ ಸಂಜೆಯನ್ನು ನೋಡಿ.

ಏಕಾದಶಿಯ ವಿಚಾರ ಬೇರೆ. ಇಲ್ಲಿ ಏಕಾದಶಿ ಎಷ್ಟು ಹೊತ್ತು ಇದೆ ಎನ್ನುವುದಕ್ಕಿಂತ ದಶಮಿ ಎಷ್ಟು ಹೊತ್ತಿಗೆ ತೊಲಗಿತು ಎನ್ನುವುದೇ ಮುಖ್ಯ. ದಶಮಿಯ ಸೋಂಕಿಗೆ ‘ವೇಧೆ’ ಎಂದು ಹೆಸರು. ಸ್ಮಾರ್ತರಿಗೆ ಸೂರ್ಯೋದಯದಲ್ಲಿ ದಶಮಿ ಇಲ್ಲದಿದ್ದರೆ ಸಾಕು. ಮಾಧ್ವರು ಮುಂತಾದ ವೈಷ್ಣವರಿಗೆ ಅರುಣೋದಯದಲ್ಲೂ ದಶಮಿ ಇರಕೂಡದು. ಅರುಣೋದಯವೆಂದರೆ ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮೊದಲು. ಒಂದು ಘಳಿಗೆಗೆ 24 ನಿಮಿಷ. ನಾಲ್ಕು ಘಳಿಗೆಗೆ 96 ನಿಮಿಷ. ದಿನಕ್ಕೆ ಅರವತ್ತು ಘಳಿಗೆಯಾದ್ದರಿಂದ, ಘಳಿಗೆಯ ಲೆಕ್ಕದ ಹಳೆಯ ಪಂಚಾಂಗಗಳಲ್ಲಿ ಇದನ್ನು ನೋಡುವುದು ಬಹಳ ಸುಲಭ. ದಶಮಿಯ ಎದುರಿನ ಅಂಕಿ 56 ದಾಟಿದ್ದರೆ ವೇಧೆ ಉಂಟು, ದಾಟದಿದ್ದರೆ ಇಲ್ಲ.

ನಮ್ಮ ಉದಾಹರಣೆಯ ಪಕ್ಷದಲ್ಲಿ ನವೆಂಬರ್ 25, ಸೋಮವಾರದ ಸಾಲಿನಲ್ಲಿ ‘ದಶಮಿ ರಾ. 1-01’ ಎಂದಿರುತ್ತದೆ. ಇಲ್ಲೊಂದು ಎಚ್ಚರ ಬೇಕು. ಪಂಚಾಂಗದ ದಿನ ಮರುದಿನದ ಸೂರ್ಯೋದಯದವರೆಗೂ ನಡೆಯುವುದರಿಂದ ಆ ರಾತ್ರಿ 1-01 ಇಂಗ್ಲಿಷ್ ತಾರೀಖಿನ ಪ್ರಕಾರ 26ನೆಯದು. ಅದನ್ನು 25ರ ನಸುಕು ಎಂದು ತಿಳಿದರೆ ವ್ರತವೇ ಒಂದು ದಿನ ಹಿಂದಕ್ಕೆ ಹೋಗುತ್ತದೆ. ಸೋಮವಾರದ ಸೂರ್ಯೋದಯ 6-23 ಎಂದಿಟ್ಟುಕೊಂಡರೆ ಅಲ್ಲಿಂದ 18 ಗಂಟೆ 38 ನಿಮಿಷ, ಅಂದರೆ ಸುಮಾರು 46 ಘಳಿಗೆ 35 ವಿಘಳಿಗೆ. 56ಕ್ಕೆ ಬಹಳ ಕಡಿಮೆ. ವೇಧೆ ಇಲ್ಲ. ಮಂಗಳವಾರ, 26ರಂದು ಎಲ್ಲರಿಗೂ ಏಕಾದಶಿ.

ಎಲ್ಲರಿಗೂ ಒಂದೇ ದಿನ ಆಗದ ಉದಾಹರಣೆ 2025ರ ಮಾರ್ಚ್ ತಿಂಗಳದು, ಫಾಲ್ಗುಣ ಬಹುಳ ಏಕಾದಶಿ. ದಶಮಿ ಮುಗಿದದ್ದು ಮಾರ್ಚ್ 25, ಮಂಗಳವಾರ ನಸುಕಿನ 5-05ಕ್ಕೆ. ಬೆಂಗಳೂರಿನ ಸೂರ್ಯೋದಯ ಸುಮಾರು 6-20. ಅರುಣೋದಯ ಸುಮಾರು 4-44. ಅಂದರೆ ಅರುಣೋದಯವಾದ ಮೇಲೂ ಇಪ್ಪತ್ತು ನಿಮಿಷ ದಶಮಿ ಉಳಿದಿತ್ತು. ಹಿಂದಿನ ಬೆಳಗಿನಿಂದ ಎಣಿಸಿದರೆ 56 ಘಳಿಗೆ 50 ವಿಘಳಿಗೆ. ಸ್ಮಾರ್ತರಿಗೆ ಮಂಗಳವಾರ ಏಕಾದಶಿ. ವೈಷ್ಣವರಿಗೆ ಮರುದಿನ ಬುಧವಾರ. ಏಕಾದಶಿ ತಿಥಿ ಬುಧವಾರ ನಸುಕಿನ 3-45ಕ್ಕೇ ಮುಗಿದುಹೋಗಿತ್ತು. ಆದರೂ ಉಪವಾಸ ದ್ವಾದಶಿಯ ದಿನವೇ ನಡೆಯಿತು. ಪುಟದಲ್ಲಿ ದ್ವಾದಶಿ ಎಂದು ಅಚ್ಚಾಗಿ, ಪಕ್ಕದಲ್ಲಿ ‘ಭಾಗವತ ಏಕಾದಶಿ’ ಎಂದು ಕಂಡರೆ ಅದು ಮುದ್ರಣದೋಷವಲ್ಲ. ಇದೇ ಏಕಾದಶಿ ಅಮೆರಿಕದ ನ್ಯೂಜೆರ್ಸಿಯ ಕನ್ನಡಿಗರಿಗೆ ಬೇರೆಯಾಗಿತ್ತು. ಅಲ್ಲಿನ ಗಡಿಯಾರದಲ್ಲಿ ದಶಮಿ 24ರ ಸಂಜೆ 7-35ಕ್ಕೇ ಮುಗಿದಿದ್ದರಿಂದ ವೇಧೆಯ ಮಾತೇ ಇರಲಿಲ್ಲ. ತಿಥಿ ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ. ಬೆಳಗಾಗುವ ಹೊತ್ತು ಒಂದೇ ಅಲ್ಲ.

ಕೊನೆಯದಾಗಿ, ಎರಡು ಪಂಚಾಂಗಗಳು ಒಪ್ಪದಿದ್ದರೆ ಏನು? ಇದಕ್ಕೂ ಚರಿತ್ರೆಯೇ ಉತ್ತರ ಹೇಳುತ್ತದೆ. ಕೆಲವು ಪಂಚಾಂಗಗಳು ಸೂರ್ಯಸಿದ್ಧಾಂತವೇ ಮುಂತಾದ ಹಳೆಯ ಗಣಿತದಿಂದ ತಯಾರಾಗುತ್ತವೆ, ಕೆಲವು ಆಕಾಶದ ನೋಟಕ್ಕೆ ಹೊಂದುವ ದೃಗ್ಗಣಿತದಿಂದ. ಹಳೆಯ ಲೆಕ್ಕದಲ್ಲಿ ತಿಥಿ 54 ಘಳಿಗೆಗಿಂತ ಕಡಿಮೆಯಾಗದು, 65 ಮೀರದು. ದೃಗ್ಗಣಿತದಲ್ಲಿ ಎರಡೂ ಕಡೆ ಅದಕ್ಕಿಂತ ಹೆಚ್ಚು ಹಿಗ್ಗು ಕುಗ್ಗು ಉಂಟು. ಹೀಗಾಗಿ ತಿಥಿ ಮುಗಿಯುವ ವೇಳೆಯಲ್ಲಿ ಕೆಲವು ಗಂಟೆಗಳ ಅಂತರ ಬೀಳುವುದುಂಟು. ಈ ಅಂತರವನ್ನು ತಿದ್ದಲು ದುಡಿದವರಲ್ಲಿ ವಿಜಾಪುರ–ಬಾಗಲಕೋಟೆ ಸೀಮೆಯ ವೆಂಕಟೇಶ ಬಾಪೂಜಿ ಕೇತಕರರು (1854–1930) ಪ್ರಮುಖರು. ‘ಜ್ಯೋತಿರ್ಗಣಿತ’ ಮುಂತಾದ ಅವರ ಗ್ರಂಥಗಳನ್ನು ಹಿಡಿದು ಅನೇಕ ಪಂಚಾಂಗಗಳು ಹೊರಬಂದವು. ಸ್ವಾತಂತ್ರ್ಯಾನಂತರ 1952ರಲ್ಲಿ ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಕವಾಯಿತು. 1955ರ ಅದರ ವರದಿಯ ಮೇರೆಗೆ 1957ರಿಂದ ಸರ್ಕಾರವೇ ದೃಗ್ಗಣಿತದ ‘ರಾಷ್ಟ್ರೀಯ ಪಂಚಾಂಗ’ವನ್ನು ಪ್ರಕಟಿಸತೊಡಗಿತು. ಆದರೂ ಹಳೆಯ ಗಣಿತವನ್ನು ಬಿಡದ ಮಠಗಳೂ ಮನೆತನಗಳೂ ಉಳಿದಿವೆ.

ಆದ್ದರಿಂದ ತಿಥಿ ಒಂದು ಪಂಚಾಂಗದಿಂದ, ಸೂರ್ಯೋದಯ ಇನ್ನೊಂದರಿಂದ, ಏಕಾದಶಿಯ ಗುರುತು ಮತ್ತೊಂದರಿಂದ ಎಂದು ಬೆರೆಸಬೇಡಿ. ನಿಮ್ಮ ಮನೆಯಲ್ಲಿ ರೂಢಿಯಿರುವ ಒಂದನ್ನೇ ಹಿಡಿಯಿರಿ. ಅದರ ಮೊದಲ ಪುಟದಲ್ಲಿ ಯಾವ ಗಣಿತ, ಯಾವ ಊರಿನ ಸೂರ್ಯೋದಯ ಎಂಬುದನ್ನು ಒಮ್ಮೆ ಓದಿಕೊಳ್ಳಿ. ಆಮೇಲೆ ಪ್ರತಿ ಪಕ್ಷವೂ ಕೇಳಿಕೊಳ್ಳಬೇಕಾದ್ದು ಮೂರೇ ಪ್ರಶ್ನೆ: ಬೆಳಗಾಗುವ ಮುನ್ನ ದಶಮಿ ಹೋಯಿತೆ, ಸೂರ್ಯ ಮುಳುಗುವಾಗ ತ್ರಯೋದಶಿ ಇದೆಯೆ, ಚಂದ್ರ ಹುಟ್ಟುವಾಗ ಬಹುಳ ಚೌತಿ ಇದೆಯೆ?