ಐದನೆಯ ಗಾಡಿ: ಸ್ಮೈಲರ್ ಅಪಘಾತ ಮತ್ತು ನಿರ್ವಾಹಕ ಸಂಸ್ಥೆಯ ವರದಿಯ ಮರುಪರಿಶೀಲನೆ

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತದ ಆಲ್ಟನ್ ಟವರ್ಸ್ ಉದ್ಯಾನದಲ್ಲಿ 2015ರ ಜೂನ್ 2ರಂದು ‘ಸ್ಮೈಲರ್’ ಎಂಬ ರೋಲರ್ ಕೋಸ್ಟರಿನ ಗಾಡಿಯೊಂದು ಹದಿನಾರು ಮಂದಿಯನ್ನು ಹೊತ್ತು ಮೊದಲ ಏರಿನ ಮೇಲೆ ನಿಂತುಬಿಟ್ಟಿತು. ಕೆಲವು ನಿಮಿಷಗಳ ನಂತರ ಸಿಬ್ಬಂದಿ ಅದನ್ನು ಮತ್ತೆ ಹೊರಡಿಸಿದರು. ಇಳಿದು ಬಂದ ಗಾಡಿ, ಮುಂದೆ ಹಳಿಯ ತಗ್ಗಿನಲ್ಲಿ ಸಿಕ್ಕಿಕೊಂಡಿದ್ದ ಖಾಲಿ ಗಾಡಿಗೆ ಅಪ್ಪಳಿಸಿತು. ಐವರಿಗೆ ತೀವ್ರ ಗಾಯಗಳಾದವು. ಇಬ್ಬರು ಯುವತಿಯರು ಒಂದೊಂದು ಕಾಲು ಕಳೆದುಕೊಂಡರು. ಅದೇ ವರ್ಷ ನವೆಂಬರಿನಲ್ಲಿ ನಿರ್ವಾಹಕ ಸಂಸ್ಥೆಯಾದ ಮರ್ಲಿನ್ ತನ್ನ ಆಂತರಿಕ ತನಿಖೆಯ ಫಲವನ್ನು ಪ್ರಕಟಿಸಿತು. ಯಂತ್ರದಲ್ಲಿ ದೋಷವಿರಲಿಲ್ಲ, ಸುರಕ್ಷತಾ ನಿಯಂತ್ರಣವನ್ನು ಸಿಬ್ಬಂದಿ ಕ್ರಮ ತಪ್ಪಿ ಕೈಯಿಂದ ಮೀರಿದ್ದೇ ಕಾರಣ ಎಂಬುದು ಅದರ ಸಾರ. ಈ ‘ಮಾನವ ದೋಷ’ದ ನಿರ್ಣಯವನ್ನು ಪ್ರಶ್ನಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ನಿರ್ಣಯವನ್ನು ಮೊದಲು ಅಲ್ಲಗಳೆದದ್ದು ನ್ಯಾಯಾಲಯವೇ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಪ್ರಾಧಿಕಾರ ಹೂಡಿದ ಮೊಕದ್ದಮೆಯಲ್ಲಿ ಮರ್ಲಿನ್ ತಪ್ಪೊಪ್ಪಿಕೊಂಡಿತು. 2016ರ ಸೆಪ್ಟೆಂಬರ್ 27ರಂದು ಸ್ಟಾಫರ್ಡ್ ಕ್ರೌನ್ ನ್ಯಾಯಾಲಯದ ನ್ಯಾಯಾಧೀಶ ಮೈಕಲ್ ಚೇಂಬರ್ಸ್ ಐವತ್ತು ಲಕ್ಷ ಪೌಂಡ್ ದಂಡ ವಿಧಿಸುತ್ತಾ, ದೋಷ ವ್ಯಕ್ತಿಗಳದ್ದಲ್ಲ, ಸರಿಯಾದ ವ್ಯವಸ್ಥೆಯೊಂದು ಇಲ್ಲದ್ದು ಎಂದು ಸ್ಪಷ್ಟಪಡಿಸಿದರು. ವ್ಯಕ್ತಿಯ ತಪ್ಪಿನ ಹಿಂದೆ ಸಂಸ್ಥೆಯ ತಪ್ಪನ್ನು ಹುಡುಕಬೇಕೆಂದು ಜೇಮ್ಸ್ ರೀಸನ್ 1990ರ ದಶಕದಿಂದ ಹೇಳುತ್ತಾ ಬಂದದ್ದು ಈ ಕ್ಷೇತ್ರದಲ್ಲಿ ಈಗ ಒಪ್ಪಿತ ಮಾತು. ಚಾರ್ಲ್ಸ್ ಪೆರೋ 1984ರಲ್ಲಿ ಮಂಡಿಸಿದ ‘ಸಹಜ ಅಪಘಾತ’ಗಳ ಸಿದ್ಧಾಂತವನ್ನು ಮಾತ್ರ ಇಲ್ಲಿಗೆ ತರಲಾಗದು. ಪೆರೋ ವಿವರಿಸುವ ಬಿಗಿಹೆಣಿಗೆಯ ವ್ಯವಸ್ಥೆಗಳಲ್ಲಿ ಯೋಚಿಸುವಷ್ಟು ವ್ಯವಧಾನವೇ ಇರುವುದಿಲ್ಲ. ಸ್ಮೈಲರ್ ತಾನಾಗಿಯೇ ನಿಂತು, ಬೇಕಾದಷ್ಟು ವ್ಯವಧಾನ ಕೊಟ್ಟಿತ್ತು.

ಆ ವ್ಯವಧಾನದಲ್ಲಿ ಏನನ್ನು ಪರೀಕ್ಷಿಸಬೇಕಿತ್ತು ಎಂಬುದೇ ವಿವಾದದ ತಿರುಳು. ಅದಕ್ಕೆ ಯಂತ್ರ ಏಕೆ ನಿಂತಿತೆಂದು ತಿಳಿಯಬೇಕು. ಹಲವು ಗಾಡಿಗಳು ಒಟ್ಟಿಗೆ ಓಡುವ ಕೋಸ್ಟರಿನ ಹಳಿಯನ್ನು ಬ್ಲಾಕುಗಳಾಗಿ ವಿಭಾಗಿಸಿರುತ್ತಾರೆ. ಒಂದು ಬ್ಲಾಕಿನಲ್ಲಿ ಒಂದೇ ಗಾಡಿ ಇರಬೇಕು. ಬ್ಲಾಕಿನ ಕೊನೆಯಲ್ಲಿ ಗಾಡಿಯನ್ನು ತಡೆದು ನಿಲ್ಲಿಸುವ ಸಾಧನ ಇರಲೇಬೇಕಾದ್ದರಿಂದ ಏರುಗಳು, ಬ್ರೇಕ್ ಇರುವ ಜಾಗಗಳು ಮತ್ತು ನಿಲ್ದಾಣವೇ ಬ್ಲಾಕುಗಳ ಗಡಿಗಳಾಗುತ್ತವೆ. ನಿಯಂತ್ರಕ ಕಂಪ್ಯೂಟರು ಗಾಡಿಯನ್ನು ಕಣ್ಣಾರೆ ಕಾಣುವುದಿಲ್ಲ. ಗಡಿಯ ಸೆನ್ಸರುಗಳಿಂದ ಒಂದು ಗಾಡಿ ಒಳಹೋಯಿತು, ಹೊರಬರಲಿಲ್ಲ ಎಂಬಷ್ಟನ್ನು ತಿಳಿದು, ಬ್ಲಾಕು ಖಾಲಿಯಿಲ್ಲವೆಂದು ಊಹಿಸುತ್ತದೆ. ಅಂದು ಪರೀಕ್ಷೆಗೆಂದು ಬಿಟ್ಟ ಖಾಲಿ ಗಾಡಿ ಮೊದಲ ಏರು ದಾಟಿ ಮುಂದಿನ ಸುತ್ತನ್ನು ಪೂರೈಸಲಾಗದೆ ತಗ್ಗಿನಲ್ಲಿ ನಿಂತಿತು. ಗಾಳಿ ಗಂಟೆಗೆ ಸುಮಾರು 45 ಮೈಲಿ ವೇಗದಲ್ಲಿ ಬೀಸುತ್ತಿತ್ತು; ತಯಾರಕರ ಕೈಪಿಡಿ 34 ಮೈಲಿ ಮೀರಿದರೆ ಓಡಿಸಬಾರದೆಂದಿತ್ತು. ಹಗುರಾದ ಖಾಲಿ ಗಾಡಿಗೆ ಇದಿರುಗಾಳಿ ಎಷ್ಟು ತೊಡಕೆಂದು ಬೇರೆ ಹೇಳಬೇಕಿಲ್ಲ. ಹಿಂದಿನ ಗಾಡಿಯನ್ನು ಏರಿನ ಮೇಲೆ ತಡೆದ ಕಂಪ್ಯೂಟರು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು.

ಸೆನ್ಸರುಗಳು ಸುಳ್ಳು ಹೇಳುವುದೂ ಉಂಟು, ಖಾಲಿ ಬ್ಲಾಕನ್ನು ತುಂಬಿದೆಯೆಂದು ತೋರಿಸಿ ಗಾಡಿಯನ್ನು ನಿಲ್ಲಿಸುವುದು ಅಪರೂಪವಲ್ಲ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಅದು ನ್ಯಾಯವಾದ ಆಕ್ಷೇಪವೇ. ರಿಪೇರಿಯವನಿಗೆ ಅಂಥ ನಿಲುಗಡೆ ನಿತ್ಯದ ಅನುಭವವಾಗಿರಬಹುದು. ಆದ್ದರಿಂದ ನಿಂತದ್ದೊಂದೇ ಅಪಾಯಕ್ಕೆ ಸಾಕ್ಷಿಯಾಗದು. ಹಾಗಾದರೆ ಅವನ ಕೈಯಲ್ಲಿರುವ ಎರಡನೆಯ ಸಾಕ್ಷಿ ಯಾವುದು? ಗಾಡಿಗಳ ಎಣಿಕೆ.

ಸ್ಮೈಲರ್ ಅಂದು ಮೊದಲು ನಾಲ್ಕು ಗಾಡಿಗಳೊಡನೆ ಓಡುತ್ತಿತ್ತು. ಜನ ಹೆಚ್ಚಿದ್ದರಿಂದ ಐದನೆಯದನ್ನು ಹಳಿಗೆ ಸೇರಿಸಿದರು. ನಿಲುಗಡೆಯನ್ನು ಮೀರಿದ ಎಂಜಿನಿಯರುಗಳಿಗೆ ಇದು ತಿಳಿದಿರಲಿಲ್ಲವೆಂಬುದು ಮೊಕದ್ದಮೆಯಲ್ಲಿ ಸ್ಥಾಪಿತವಾದ ಸಂಗತಿ. ಈಗ ಲೆಕ್ಕ ಹಾಕಿ ನೋಡೋಣ. ಐದರಲ್ಲಿ ಒಂದು ತಗ್ಗಿನಲ್ಲಿ, ಒಂದು ಏರಿನ ಮೇಲೆ, ಉಳಿದವು ಮೂರು. ಒಟ್ಟು ನಾಲ್ಕೇ ಎಂದು ತಿಳಿದವನು ಏರಿನ ಮೇಲಿನ ಒಂದಕ್ಕೆ ಆ ಮೂರನ್ನು ಕೂಡಿಸಿದರೆ ಬರುವುದು ನಾಲ್ಕು. ಲೆಕ್ಕ ಸರಿಹೋಗುತ್ತದೆ, ಒಂದೂ ಕಡಿಮೆ ಬೀಳುವುದಿಲ್ಲ. ಕಂಪ್ಯೂಟರು ‘ಬ್ಲಾಕಿನಲ್ಲಿ ಗಾಡಿ ಇದೆ’ ಎನ್ನುತ್ತದೆ, ಎಣಿಕೆ ‘ಇರಲು ಸಾಧ್ಯವಿಲ್ಲ’ ಎನ್ನುತ್ತದೆ.

ಇಲ್ಲಿ ನನ್ನ ವಾದವನ್ನು ಮುಂದಿಡುತ್ತೇನೆ. ಎಂಜಿನಿಯರುಗಳು ಎಚ್ಚರಿಕೆಯಿಂದ ಎಣಿಸಿ ನೋಡಿದ್ದರೂ ಆ ಎಚ್ಚರಿಕೆ ಅವರನ್ನು ಅಪಘಾತದ ಕಡೆಗೇ ಒಯ್ಯುತ್ತಿತ್ತು. ಈ ಮಾತಿಗೆ ಮಿತಿಗಳಿವೆ. ಅವರು ಹೀಗೆಯೇ ಎಣಿಸಿದರೆಂದು ನಾನು ಹೇಳುತ್ತಿಲ್ಲ. ಎಣಿಸಿದ್ದರೆ ಏನಾಗುತ್ತಿತ್ತು ಎಂಬುದಷ್ಟೇ ವಾದ. ಅವರು ಹೊಣೆಯಿಂದ ಪೂರ್ತಿ ಮುಕ್ತರೆಂಬ ಅರ್ಥವೂ ಇದಕ್ಕಿಲ್ಲ, ಏಕೆಂದರೆ ಸಂಖ್ಯೆಯನ್ನು ನೆಚ್ಚದ ಪರೀಕ್ಷೆಯೊಂದು ಉಳಿದಿತ್ತು: ಬ್ಲಾಕಿನ ಉದ್ದಕ್ಕೂ ಹಳಿಯನ್ನು ಕಣ್ಣಿಂದ ನೋಡಿ ಬರುವುದು. ಹದಿನಾಲ್ಕು ಬಾರಿ ತಲೆಕೆಳಗಾಗುವ, ಸುರುಳಿ ಸುರುಳಿಯಾಗಿ ಹೆಣೆದ ಆ ಹಳಿ ಒಂದೇ ಜಾಗದಿಂದ ಪೂರ್ತಿ ಕಾಣುವಂಥದ್ದಲ್ಲ. ನೋಡಲೇಬೇಕು, ಯಾರು ನೋಡಬೇಕು, ನೋಡಿದವರು ಯಾರಿಗೆ ಹೇಳಬೇಕು ಎಂದು ವಿಧಿಸುವ ಕೆಲಸ ಸಂಸ್ಥೆಯದು. ನ್ಯಾಯಾಧೀಶರು ‘ವ್ಯವಸ್ಥೆ ಇರಲಿಲ್ಲ’ ಎಂದದ್ದು ಸರಿ, ಆದರೆ ಆ ಮಾತು ಬಹಳ ಅಗಲವಾದದ್ದು. ಹಳಿಯ ಮೇಲೆ ಎಷ್ಟು ಗಾಡಿಗಳಿವೆ ಎಂಬ ಒಂದು ಸಂಖ್ಯೆಯನ್ನು ಕೈಯಿಂದ ಕೈಗೆ ದಾಟಿಸುವ ಕ್ರಮ ಇರಲಿಲ್ಲ ಎಂದು ಅದನ್ನು ಕಿರಿದುಗೊಳಿಸಬಹುದೆಂದು ನನಗೆ ತೋರುತ್ತದೆ.

ರಕ್ಷಣೆಯ ವಿಷಯವನ್ನು ತಪಾಸಣೆಯ ವಿಷಯದಿಂದ ಬೇರೆಯಾಗಿ ಚರ್ಚಿಸುವ ರೂಢಿಯಿದೆ. ಈ ಪ್ರಕರಣದಲ್ಲಿ ಅವೆರಡೂ ಒಂದೇ. ಬ್ಲಾಕಿನ ಗಡಿಯಾದ ಏರಿನ ಮೇಲೆ ಗಾಡಿ ನಿಲ್ಲುವುದು ನಿರೀಕ್ಷಿತವಾದ್ದರಿಂದ, ಸಾಮಾನ್ಯವಾಗಿ ಅದರ ಪಕ್ಕದಲ್ಲೇ ಮೆಟ್ಟಿಲುಗಳಿರುತ್ತವೆ. ಭುಜದ ಪಟ್ಟಿಯನ್ನು ಕೈಯಿಂದ ಬಿಡಿಸಿ ಒಬ್ಬೊಬ್ಬರನ್ನೇ ನಡೆಸಿಕೊಂಡು ಇಳಿಸಲು ಬರುತ್ತದೆ. ತಗ್ಗಿನಲ್ಲಿ ಯಾರೂ ನಿಲ್ಲಬಾರದಾದ್ದರಿಂದ ಅಲ್ಲಿ ಮೆಟ್ಟಿಲೂ ಇರಲಿಲ್ಲ, ಕಾಲಿಡಲು ಹಲಗೆಯೂ ಇರಲಿಲ್ಲ. ಗಾಯಾಳುಗಳು ನೆಲದಿಂದ ಸುಮಾರು 20 ಅಡಿ ಮೇಲೆ, 45 ಡಿಗ್ರಿ ವಾಲಿದ ಆಸನಗಳಲ್ಲಿ ಸಿಕ್ಕಿಬಿದ್ದಿದ್ದರು. ತುರ್ತು ಸೇವೆಗೆ ಕರೆ ಹೋದದ್ದು 17 ನಿಮಿಷ ತಡವಾಗಿ. ರಕ್ಷಕರು ತಾತ್ಕಾಲಿಕ ಅಟ್ಟಣಿಗೆ ಕಟ್ಟಿಕೊಂಡೇ ಅವರನ್ನು ತಲುಪಬೇಕಾಯಿತು. ಎಲ್ಲರನ್ನೂ ಬಿಡಿಸುವ ಹೊತ್ತಿಗೆ ನಾಲ್ಕು ತಾಸು ಮೀರಿತ್ತು. ಮುಂದಿನ ಸಾಲಿನವರ ಕಾಲುಗಳು ಅಷ್ಟು ಹೊತ್ತೂ ನಜ್ಜುಗುಜ್ಜಾದ ಲೋಹದ ನಡುವೆ ಇದ್ದವೆಂಬುದನ್ನು ಓದುವಾಗ ‘ಕ್ರಮ ತಪ್ಪಿದ ಸಿಬ್ಬಂದಿ’ ಎಂಬ ವಿವರಣೆ ಎಷ್ಟು ಕೊರತೆಯದೆಂದು ನೋವಾಗುತ್ತದೆ. ಜನರನ್ನು ಇಳಿಸಬಹುದಾದ ಜಾಗದಲ್ಲೇ ಯಂತ್ರ ಅವರನ್ನು ನಿಲ್ಲಿಸಿತ್ತು. ಅಲ್ಲಿಂದ ಇಳಿಸಲಾಗದ ಜಾಗಕ್ಕೆ ಕಳಿಸಿದ್ದು ಮನುಷ್ಯರ ಆದೇಶ.

ನಿಯಂತ್ರಣವನ್ನು ಮೀರುವ ಮುನ್ನ ಮೇಲಧಿಕಾರಿಯ ಅನುಮತಿ ಬೇಕೆಂಬ ನಿಯಮವನ್ನು ಸಂಸ್ಥೆ ನಂತರ ತಂದಿತು. ಸವಾರಿ 2016ರ ಮಾರ್ಚಿನಲ್ಲಿ ಮತ್ತೆ ತೆರೆಯಿತು. ಮೇಲಿನ ಲೆಕ್ಕ ಸರಿಯಾದರೆ, ನಾಲ್ಕೇ ಎಂದು ತಿಳಿದ ಮೇಲಧಿಕಾರಿಯೂ ಅನುಮತಿ ಕೊಟ್ಟಾನು. ಸಹಿಯ ಜೊತೆಗೆ ಹಳಿಯನ್ನು ನೋಡಿಬಂದವರ ಮಾತೂ ಬೇಕು. ಆದರೆ ಹಳಿಯನ್ನು ಪೂರ್ತಿ ನೋಡಿಬರಲು ಸಮಯ ಹಿಡಿಯುತ್ತದೆ, ಅಷ್ಟು ಹೊತ್ತು ಜನ ಗಾಳಿಮಳೆಯಲ್ಲಿ ಏರಿನ ಮೇಲೆ ಕೂತಿರಬೇಕು. ಮೊದಲು ಅವರನ್ನು ಇಳಿಸಿ ನಂತರ ಪರೀಕ್ಷಿಸುವುದೋ, ಪರೀಕ್ಷೆ ಮುಗಿಯುವವರೆಗೆ ಕೂರಿಸುವುದೋ ಎಂಬುದನ್ನು ಈ ಒಂದು ಪ್ರಕರಣದಿಂದ ತೀರ್ಮಾನಿಸಲಾಗದು. ಎತ್ತರದ ಮೆಟ್ಟಿಲಲ್ಲಿ ಹೆದರಿದವರನ್ನು ನಡೆಸಿ ಇಳಿಸುವುದಕ್ಕೂ ಅದರದೇ ಅಪಾಯಗಳಿವೆ; ಏರಿನಲ್ಲೇ ನಿಂತು ಸುರಕ್ಷಿತವಾಗಿ ಮುಗಿದ ಪ್ರಕರಣಗಳನ್ನು ಇದರೊಡನೆ ಹೋಲಿಸಿ ನೋಡುವ ಅಧ್ಯಯನ ಅದಕ್ಕೆ ಬೇಕು.