ಸ್ವಪಾಲನೆಯ ವಿಚಾರ: ಶುಶ್ರೂಷಾ ಸಿದ್ಧಾಂತಗಳ ಚರಿತ್ರೆ ಮತ್ತು ಚುಂಚನಕಟ್ಟೆಯ ಒಂದು ನಿದರ್ಶನ

ಶುಶ್ರೂಷಾ ಸಿದ್ಧಾಂತಗಳನ್ನು ತುಲನೆ ಮಾಡಿ ಬರೆಯುವ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ನಾವು ಸಾಮಾನ್ಯವಾಗಿ ಕಾಣುವ ಕ್ರಮವೆಂದರೆ, ಪ್ರತಿಯೊಂದು ಸಿದ್ಧಾಂತದ ಅಂಗಗಳನ್ನೂ ಪಟ್ಟಿಮಾಡಿ ಪಕ್ಕಪಕ್ಕದಲ್ಲಿಡುವುದು. ಆದರೆ ಇವು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಪ್ರಶ್ನೆಗಳಿಗೆ ಹುಟ್ಟಿದ ಉತ್ತರಗಳು. ಆ ಪ್ರಶ್ನೆಯನ್ನು ಬಿಟ್ಟರೆ ತುಲನೆ ಬರಿಯ ಪಟ್ಟಿಯಾಗಿಯೇ ಉಳಿಯುತ್ತದೆ.

ಫ್ಲಾರೆನ್ಸ್ ನೈಟಿಂಗೇಲಳ ಪ್ರಶ್ನೆ ರೋಗಿಯ ಸುತ್ತಣ ಗಾಳಿ, ಬೆಳಕು, ಶುಚಿತ್ವ, ಆಹಾರಗಳನ್ನು ಕುರಿತದ್ದು. ಶತಮಾನವೊಂದು ಕಳೆದು, 1966ರಲ್ಲಿ ವರ್ಜೀನಿಯ ಹೆಂಡರ್ಸನ್ ಕೇಳಿದ್ದು ಬೇರೆ: ಶಕ್ತಿ, ಇಚ್ಛೆ, ತಿಳಿವಳಿಕೆಗಳಿದ್ದರೆ ಮನುಷ್ಯನು ತಾನೇ ಮಾಡಿಕೊಳ್ಳುತ್ತಿದ್ದ ಯಾವ ಕೆಲಸಗಳಲ್ಲಿ ಅವನಿಗೆ ನೆರವು ಬೇಕು? ಅವಳು ಅವನ್ನು ಹದಿನಾಲ್ಕೆಂದು ಎಣಿಸಿದಳು. 1970ರಲ್ಲಿ ತನ್ನ ವಿಚಾರವನ್ನು ಪ್ರಕಟಿಸಿದ ಸಿಸ್ಟರ್ ಕ್ಯಾಲಿಸ್ಟ ರಾಯ್, ಬದಲಾದ ಸ್ಥಿತಿಗೆ ಮನುಷ್ಯನು ಹೇಗೆ ಹೊಂದಿಕೊಳ್ಳುತ್ತಾನೆಂಬುದನ್ನು ದೇಹದಲ್ಲಿ ಮಾತ್ರವಲ್ಲದೆ ಅವನ ಆತ್ಮಭಾವನೆಯಲ್ಲಿ, ಮನೆ ಊರುಗಳಲ್ಲಿ ಅವನಿಗಿರುವ ಪಾತ್ರದಲ್ಲಿ, ಪರಸ್ಪರ ಅವಲಂಬನೆಯಲ್ಲಿ ನೋಡಬೇಕೆಂದಳು.

ಡಾರೊತಿಯ ಒರೆಮ್‌ಳ ಪ್ರಶ್ನೆ ಹುಟ್ಟಿದ್ದು ರೋಗಿಯ ಮಂಚದ ಬಳಿಯಲ್ಲಲ್ಲ, ವಾಷಿಂಗ್ಟನ್ನಿನ ಸರಕಾರಿ ಕಚೇರಿಯಲ್ಲಿ. 1950ರ ದಶಕದ ಕೊನೆಯಲ್ಲಿ ದಾದಿಯರ ಪಠ್ಯಕ್ರಮವನ್ನು ಸುಧಾರಿಸುವ ಕೆಲಸದಲ್ಲಿದ್ದಾಗ, ಮನುಷ್ಯನಿಗೆ ದಾದಿಯ ಅಗತ್ಯ ನಿಜವಾಗಿ ಬೀಳುವುದು ಯಾವಾಗ ಎಂಬುದು ಅವಳಿಗೆ ಮೊದಲು ಇತ್ಯರ್ಥವಾಗಬೇಕಾಯಿತು. 1971ರ ಗ್ರಂಥದಲ್ಲಿ ಬೆಳೆದುಬಂದ ಉತ್ತರ ಇದು: ತನ್ನನ್ನು ತಾನು ಪಾಲಿಸಿಕೊಳ್ಳಲು ಬೇಕಾದಷ್ಟು ಸಾಮರ್ಥ್ಯ ಅವನಲ್ಲಿ ಇಲ್ಲದಿರುವಾಗ. ಆ ಕೊರತೆಯ ಅಳತೆಗೆ ತಕ್ಕಂತೆ ದಾದಿ ಎಲ್ಲವನ್ನೂ ಮಾಡುತ್ತಾಳೆ, ಅರ್ಧ ಮಾಡುತ್ತಾಳೆ, ಇಲ್ಲವೆ ಕಲಿಸಿ ಬೆಂಬಲವಾಗಿ ನಿಲ್ಲುತ್ತಾಳೆ. ದೀರ್ಘವ್ಯಾಧಿಯಲ್ಲಿ ವರ್ಷದ ಬಹುಪಾಲು ದಿನ ವೈದ್ಯನೂ ದಾದಿಯೂ ಎದುರಿಗಿರುವುದಿಲ್ಲವಾಗಿ, ಈ ಮೂರನೆಯ ಬಗೆಯೇ ಅಲ್ಲಿ ಮುಖ್ಯ.

ಈಗ ನಾವೇ ಕಲ್ಪಿಸಿಕೊಂಡ ಒಂದು ನಿದರ್ಶನವನ್ನು ನೋಡೋಣ. ಚುಂಚನಕಟ್ಟೆಯಲ್ಲಿ ಕಾವೇರಿಯ ನಾಲೆಯ ನೀರಿನಿಂದ ಭತ್ತ ಬೆಳೆಯುವ, ಐವತ್ತೈದು ದಾಟಿದ ಯಜಮಾನನೊಬ್ಬ. ಎಂಟು ವರ್ಷದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಆರಕ್ಕೆ ಗ್ಲಿಮೆಪಿರೈಡ್ ಗುಳಿಗೆ ನುಂಗಿ ಗದ್ದೆಗೆ ಹೋಗುತ್ತಾನೆ. ಸೊಸೆ ಬುತ್ತಿ ತರುವುದು ಹತ್ತಕ್ಕೆ. ಒಂಬತ್ತರ ಹೊತ್ತಿಗೆ ಬೆವರು, ನಡುಕ, ಕಣ್ಣುಕತ್ತಲೆ. ಗುಳಿಗೆ ಉಷ್ಣವೆಂದು ತೀರ್ಮಾನಿಸಿ ಅದನ್ನೇ ಬಿಟ್ಟ. ಈಗ ಬರಿಹೊಟ್ಟೆಯ ಸಕ್ಕರೆ 240 ಮಿಲಿಗ್ರಾಂ. ಚೀಟಿಯಲ್ಲಿ ‘ಹೇಳಿದಂತೆ ಕೇಳುವುದಿಲ್ಲ’ ಎಂದು ಬರೆಯುವುದು ಸುಲಭ.

ಹೆಂಡರ್ಸನ್‌ಳ ಪಟ್ಟಿ ಇಲ್ಲಿ ಆಹಾರವೆಂಬ ಅಂಗದಲ್ಲಿ ತಿಳಿವಳಿಕೆಯ ಕೊರತೆಯನ್ನು ತೋರಿಸುತ್ತದೆ. ಅದು ನಿಜವೇ, ಆದರೆ ಸಾಲದು. ಒರೆಮ್‌ಳ ಕ್ರಮದಲ್ಲಿ, ಈ ಕಾಯಿಲೆ ಕೇಳುವ ಕೆಲಸಗಳೇನು, ಅವನ್ನು ಮಾಡುವ ಶಕ್ತಿ ಯಾರ ಕೈಯಲ್ಲಿದೆ ಎಂದು ಎರಡನ್ನೂ ಎದುರುಬದುರು ಇಟ್ಟಾಗ, ಊಟದ ಹೊತ್ತು ಯಜಮಾನನ ಕೈಯಲ್ಲೇ ಇಲ್ಲವೆಂಬುದು ಹೊರಬೀಳುತ್ತದೆ. ಅದು ಒಲೆಯ ಮುಂದಿರುವ ಸೊಸೆಯ ಕೈಯಲ್ಲಿದೆ. ಆದುದರಿಂದ ಪಾಠ ಅವಳನ್ನೂ ಕೂರಿಸಿಕೊಂಡು ನಡೆಯಬೇಕು. ವೈದ್ಯನ ಒಪ್ಪಿಗೆಯಿಂದ ಗುಳಿಗೆಯ ಹೊತ್ತು ಬುತ್ತಿಗೆ ಹೊಂದುತ್ತದೆ. ಬುತ್ತಿಯ ಮೊದಲ ತುತ್ತಿನೊಡನೆಯೇ ಗುಳಿಗೆ. ನಡುಕ ಬಂದರೆ ಮೂರು ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಕಾಲುಗಂಟೆ ಕೂತು, ಕಡಮೆಯಾಗದಿದ್ದರೆ ಮತ್ತೊಮ್ಮೆ ಕುಡಿಯಬೇಕು. ಅದಕ್ಕಾಗಿ ಸಕ್ಕರೆಯ ಪೊಟ್ಟಣ ಸೊಂಟದಲ್ಲೇ ಇರಬೇಕು.

ಪಾದದ ವಿಷಯ ಇನ್ನೂ ಸೂಕ್ಷ್ಮ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿದರೆ ಅವನಿಗೆ ತಿಳಿಯುವುದಿಲ್ಲ. ನೋವು ತಿಳಿಯದವನಿಗೆ ‘ನೋವಾದರೆ ಬಾ’ ಎಂಬ ಉಪದೇಶ ವ್ಯರ್ಥ. ಗದ್ದೆಯ ಕೆಸರಿನಲ್ಲಿ ಚಪ್ಪಲಿ ನಿಲ್ಲದು. ಬದುವಿನ ಮೇಲೆ ಮಾತ್ರ ಮೆಟ್ಟಬಹುದು. ಮೊಣಕಾಲು ಮಡಿಸಲಾರದ ಅವನಿಗೆ ತನ್ನ ಅಂಗಾಲು ಕಾಣದಾದ್ದರಿಂದ, ಸಂಜೆ ಕಾಲು ತೊಳೆದು, ಬೆರಳ ಸಂದಿ ಒರೆಸಿ, ದೀಪ ಹಿಡಿದು ನೋಡುವುದು ಹೆಂಡತಿಯ ಪಾಲಿಗೆ ಬರುತ್ತದೆ. ಮನೆಯವರು ವಹಿಸಿಕೊಳ್ಳುವ ಇಂಥ ಪಾಲನೆಗೆ ಒರೆಮ್ ಎಡೆಯಿಟ್ಟಿದ್ದಾಳೆ. ಆದರೂ ಅವಳ ಸಿದ್ಧಾಂತದ ಕೇಂದ್ರ ಒಬ್ಬಂಟಿ ವ್ಯಕ್ತಿಯೇ. ನಮ್ಮ ಕೂಡುಮನೆಗಳಿಗೆ ಅದನ್ನು ತರುವಾಗ ಈ ಅಂಚನ್ನು ನಡುವಿಗೆ ತರಬೇಕಾಗುತ್ತದೆಂದು ನಮಗೆ ತೋರುತ್ತದೆ.

ಇಷ್ಟಾದರೂ, ತಿಂಗಳ ಬಳಿಕ ಪೊಟ್ಟಣ ಬಿಚ್ಚದೆ ಹಾಗೆಯೇ ಇದ್ದು, ತಲೆಸುತ್ತು ಮಾತ್ರ ಬರುತ್ತಲೇ ಇದೆಯೆನ್ನೋಣ. ಆಳುಗಳ ಎದುರಿಗೆ ಯಜಮಾನ ಸಕ್ಕರೆನೀರು ಕುಡಿದು ಬದುವಿನ ಮೇಲೆ ಕೂರುವುದು ಅವನಿಗೆ ನಾಚಿಕೆ. ಇದನ್ನು ಒರೆಮ್‌ಳ ಲೆಕ್ಕ ಬರಿಯ ಕೊರತೆಯೆಂದು ಎಣಿಸೀತು. ರಾಯ್ ಹೇಳುವ ಪಾತ್ರದ ಪೆಟ್ಟೆಂದು ಅರಿತ ದಾದಿ, ಆಳುಗಳಲ್ಲೇ ಹಿರಿಯನೊಬ್ಬನಿಗೆ ಲಕ್ಷಣಗಳನ್ನು ತಿಳಿಸಲು ಅವನ ಒಪ್ಪಿಗೆ ಕೇಳುತ್ತಾಳೆ.

ಫಲವನ್ನು ಅಳೆಯಲು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಬೇಕು. ತಲೆಸುತ್ತಿನ ದಿನ, ಹೊತ್ತುಗಳನ್ನು ಗುರುತುಹಾಕಿದ ಪುಸ್ತಕವೂ ಬೇಕು, ಏಕೆಂದರೆ ಸಕ್ಕರೆ ಪದೇ ಪದೇ ಕುಸಿದೂ ಸರಾಸರಿ ಚೆನ್ನಾಗಿ ಕಂಡೀತು. ಸಂಕ್ರಾಂತಿಯ ಸುಮಾರಿಗೆ ದನಗಳ ಜಾತ್ರೆ ನೆರೆದಾಗ ಅವನು ಎತ್ತುಗಳ ಬಳಿಯೇ ಮಲಗುತ್ತಾನೆ. ಸೊಸೆಯ ಬುತ್ತಿಗೆ ಹೊತ್ತುಗೊತ್ತಿರುವುದಿಲ್ಲ. ಊಟ ತಪ್ಪಿದ ಹೊತ್ತಿನಲ್ಲಿ ಆ ಗುಳಿಗೆಯನ್ನು ನುಂಗಬಾರದೆಂಬ ಮಾತನ್ನು ಅಷ್ಟರೊಳಗೆ ಅವನಿಗೆ ಹೇಳಿ, ಅವನ ಬಾಯಿಂದಲೇ ಮತ್ತೆ ಹೇಳಿಸಿರಬೇಕು.