ಬ್ಯಾಂಕ್ ಖಾತೆಯ ನಿರ್ಣಯ: ಕಾಫಿ ಬೆಳೆಗಾರರ ಉತ್ಪಾದಕ ಕಂಪನಿಗಳಲ್ಲಿ ಸಹಿ ಅಧಿಕಾರದ ಒಕ್ಕಣೆ

ಮೂಡಿಗೆರೆ, ಕಳಸ, ಚಿಕ್ಕಮಗಳೂರು ಭಾಗದ ಕಾಫಿ ಬೆಳೆಗಾರರು ಸೇರಿ ಉತ್ಪಾದಕ ಕಂಪನಿ ಕಟ್ಟಿಕೊಂಡಾಗ ನಿರ್ದೇಶಕ ಮಂಡಳಿ ಕೈಗೊಳ್ಳಬೇಕಾದ ಮೊದಲ ನಿರ್ಣಯಗಳಲ್ಲಿ ಬ್ಯಾಂಕ್ ಖಾತೆ ತೆರೆಯುವುದೂ ಒಂದು. ಇದನ್ನು ತಡಮಾಡುವಂತಿಲ್ಲ. ಷೇರು ಹಣ ಕಂಪನಿಗೆ ಸಂದಿದೆ ಎಂಬ ಘೋಷಣೆಯನ್ನು ನೋಂದಣಿಯಾದ 180 ದಿನಗಳೊಳಗೆ ಸಲ್ಲಿಸದೆ ವ್ಯವಹಾರ ಆರಂಭಿಸುವಂತಿಲ್ಲ, ಆ ಹಣ ಸಂದಿರುವುದಕ್ಕೆ ಪುರಾವೆ ಬ್ಯಾಂಕಿನ ಲೆಕ್ಕಪಟ್ಟಿಯೇ. ಆದರೆ ಈ ನಿರ್ಣಯವನ್ನು ಮಂಡಳಿ ತಾನೇ ಕುಳಿತು ಬರೆಯುವುದು ಅಪರೂಪ. ಶಾಖೆಯಲ್ಲಿ ಕೊಡುವ ಅಚ್ಚಿನ ನಮೂನೆಯಲ್ಲಿ ಬಿಟ್ಟ ಸ್ಥಳ ತುಂಬಿ, ಮೊಹರು ಒತ್ತಿ, ಸಹಿ ಹಾಕಿ ಕೊಡುವುದೇ ರೂಢಿ. ಆ ನಮೂನೆ ಸಿದ್ಧವಾಗಿರುವುದು ಸಾಮಾನ್ಯ ಖಾಸಗಿ ಕಂಪನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಉತ್ಪಾದಕ ಕಂಪನಿಯ ಕಾನೂನಿನಲ್ಲಿರುವ ಒಂದು ವಿಶೇಷವನ್ನು ಅದು ಗಮನಿಸುವುದಿಲ್ಲ. ಈ ಲೇಖನ ಆ ವಿಶೇಷವನ್ನೂ ಅದಕ್ಕೆ ತಕ್ಕ ಒಕ್ಕಣೆಯನ್ನೂ ಕುರಿತದ್ದು.

ಉತ್ಪಾದಕ ಕಂಪನಿ ಎಂಬ ವರ್ಗ 1956ರ ಕಂಪನಿ ಕಾಯ್ದೆಗೆ 2002ರ ತಿದ್ದುಪಡಿಯ ಮೂಲಕ ಬಂತು. ಈಗ ಅದರ ನಿಯಮಗಳು 2013ರ ಕಾಯ್ದೆಯ 21ಎ ಅಧ್ಯಾಯದಲ್ಲಿವೆ. 2020ರ ತಿದ್ದುಪಡಿಯಿಂದ ಸೇರಿದ ಈ ಅಧ್ಯಾಯ 2021ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಮಂಡಳಿಯಲ್ಲಿ ಐವರಿಗಿಂತ ಕಡಿಮೆ, ಹದಿನೈದಕ್ಕಿಂತ ಹೆಚ್ಚು ನಿರ್ದೇಶಕರು ಇರುವಂತಿಲ್ಲ. ಇವರಲ್ಲದೆ ಪೂರ್ಣಾವಧಿಯ ಮುಖ್ಯ ಕಾರ್ಯನಿರ್ವಾಹಕರೊಬ್ಬರು ಇರಲೇಬೇಕು, ಅವರು ಪದನಿಮಿತ್ತ ನಿರ್ದೇಶಕರೂ ಹೌದು. 378ಡಬ್ಲ್ಯೂ ಪ್ರಕರಣವು ಅವರ ಕೆಲಸಗಳನ್ನು ಹೇಳುವಾಗ, ಮಂಡಳಿಯ ಸಾಮಾನ್ಯ ಅಥವಾ ವಿಶೇಷ ಅನುಮೋದನೆಗೆ ಒಳಪಟ್ಟು ಬ್ಯಾಂಕ್ ಖಾತೆಗಳನ್ನು ನಿರ್ವಹಿಸುವುದು ಅಥವಾ ಬೇರೊಬ್ಬರಿಗೆ ಆ ಅಧಿಕಾರ ಕೊಡುವುದು ಅವರ ಕಾರ್ಯ ಎನ್ನುತ್ತದೆ. ಸಾಮಾನ್ಯ ಕಂಪನಿಯಲ್ಲಿ ಸಹಿ ಅಧಿಕಾರ ಮಂಡಳಿಯ ನಿರ್ಣಯದಿಂದಲೇ ಹುಟ್ಟುತ್ತದೆ. ಇಲ್ಲಿ ಕಾನೂನೇ ಒಬ್ಬರತ್ತ ಬೊಟ್ಟು ಮಾಡಿದೆ. ಮಂಡಳಿಗೆ ಉಳಿದಿರುವುದು ಅನುಮೋದನೆಯ ಹಿಡಿತ. ಹೀಗಾಗಿ ಆ ಅನುಮೋದನೆ ಎಷ್ಟು ದೂರದವರೆಗೆ, ಯಾರ ಜೊತೆಗೆ, ಯಾವುದನ್ನು ಬಿಟ್ಟು ಎಂಬುದನ್ನು ನಿರ್ಣಯವೇ ಹೇಳಬೇಕು. ‘ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು ಖಾತೆ ನಿರ್ವಹಿಸುವರು’ ಎಂದು ಸಹಕಾರ ಸಂಘದ ಧಾಟಿಯಲ್ಲಿ ಬರೆದರೆ ಮುಖ್ಯ ಕಾರ್ಯನಿರ್ವಾಹಕರ ಸ್ಥಾನ ಏನಾಯಿತೆಂಬುದು ಕಾಗದದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ನಿರ್ಣಯಕ್ಕೆ ಸಭೆಯೇ ಬೇಕೇ? ಸಭೆಯಲ್ಲೇ ತೀರ್ಮಾನವಾಗಬೇಕಾದ ವಿಷಯಗಳ ಪಟ್ಟಿ 179(3)ನೆಯ ಪ್ರಕರಣದಲ್ಲಿದೆ. ಸಾಲ ಎತ್ತುವುದು ಅದರಲ್ಲಿದೆ, ಖಾತೆ ತೆರೆಯುವುದು ಇಲ್ಲ. ಆದ್ದರಿಂದ ಸಾಮಾನ್ಯ ಕಂಪನಿಯಲ್ಲಿ 175ನೆಯ ಪ್ರಕರಣದಂತೆ ಕರಡನ್ನು ಎಲ್ಲ ನಿರ್ದೇಶಕರಿಗೂ ಕಳುಹಿಸಿ ಬಹುಮತದಿಂದ ಒಪ್ಪಿಗೆ ಪಡೆಯುವ ದಾರಿ ತೆರೆದೇ ಇದೆ. ಆದರೆ ಉತ್ಪಾದಕ ಕಂಪನಿಯ ಮೊದಲ ಖಾತೆಯ ಮಟ್ಟಿಗೆ ಸಭೆಯೇ ಲೇಸು ಎಂಬುದು ನನ್ನ ಅಭಿಪ್ರಾಯ. ಸಹಿ ಮಾಡುವವರು ಯಾರು ಎಂಬ ಚರ್ಚೆ ಮುಖಾಮುಖಿ ನಡೆಯಬೇಕು, ವಾಟ್ಸಾಪಿನ ‘ಓಕೆ’ಗಳಲ್ಲಿ ಅಲ್ಲ. ಸಭೆಯ ಸೂಚನಾಪತ್ರ ಕಳುಹಿಸುವ ಹೊಣೆ ಮುಖ್ಯ ಕಾರ್ಯನಿರ್ವಾಹಕರದು. ಏಳು ದಿನ ಮುಂಚೆ ಕಳುಹಿಸಬೇಕು, ಅದಕ್ಕಿಂತ ಕಡಿಮೆ ಅವಧಿಯಲ್ಲಿ ಸಭೆ ಕರೆದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಕೋರಂ ಒಟ್ಟು ನಿರ್ದೇಶಕರ ಮೂರನೇ ಒಂದು ಭಾಗ, ಆದರೆ ಮೂವರಿಗಿಂತ ಕಡಿಮೆಯಲ್ಲ. ಆಷಾಢದ ಮಳೆಯಲ್ಲಿ ಕಳಸದ ನಿರ್ದೇಶಕರು ಮೂಡಿಗೆರೆಗೆ ಬರಲಾಗದಿದ್ದರೆ ವಿಡಿಯೊ ಮೂಲಕ ಹಾಜರಾಗಲೂ ಕಾಯ್ದೆಯಲ್ಲಿ ಅವಕಾಶವಿದೆ.

ಒಂದು ಕಂಪನಿಯನ್ನು ಉದಾಹರಣೆಗೆಂದು ಊಹಿಸಿಕೊಳ್ಳೋಣ. ನೋಂದಾಯಿತ ಕಚೇರಿ ಮೂಡಿಗೆರೆಯಲ್ಲಿ, ಖರೀದಿ ಕೇಂದ್ರ ಕಳಸದಲ್ಲಿ. ಮಂಡಳಿಯಲ್ಲಿ ಒಂಬತ್ತು ಜನ, ಅದರಲ್ಲಿ ಒಬ್ಬರು ಮುಖ್ಯ ಕಾರ್ಯನಿರ್ವಾಹಕರು. ಜನವರಿಯಲ್ಲಿ ಅರೇಬಿಕಾ ಕೊಯ್ಲು ಮುಗಿಯುತ್ತ ರೊಬಸ್ಟಾ ಕೊಯ್ಲು ಶುರುವಾಗುವ ಹೊತ್ತಿಗೆ ಸದಸ್ಯರ ಚೆರ್ರಿಗೆ ಹಣ ಬೇಗ ಸಲ್ಲಬೇಕು, ಕೇಂದ್ರದ ಆಳುಗಳಿಗೆ ವಾರದ ಬಟವಾಡೆಯೂ ಆಗಬೇಕು. ಒಬ್ಬರೇ ಸಹಿ ಮಾಡಿದರೆ ಕೆಲಸ ಬೇಗ, ಅಪಾಯ ಹೆಚ್ಚು. ಎಲ್ಲದಕ್ಕೂ ಇಬ್ಬರ ಸಹಿ ಬೇಕೆಂದರೆ ಸಣ್ಣ ಪಾವತಿಗೂ ಮೂಡಿಗೆರೆಯ ದಾರಿ ಕಾಯಬೇಕು. ಈ ಎರಡನ್ನೂ ಸರಿದೂಗಿಸಿ ಕನ್ನಡದಲ್ಲಿ ಬರೆದ ಒಕ್ಕಣೆ ಹೀಗಿರಬಹುದು:

‘ಕಂಪನಿಯ ಹೆಸರಿನಲ್ಲಿ ______ ಬ್ಯಾಂಕಿನ ಮೂಡಿಗೆರೆ ಶಾಖೆಯಲ್ಲಿ ಚಾಲ್ತಿ ಖಾತೆಯೊಂದನ್ನು ತೆರೆಯತಕ್ಕದ್ದೆಂದು ಈ ಮೂಲಕ ನಿರ್ಣಯಿಸಲಾಗಿದೆ.

‘ಸದರಿ ಖಾತೆಯನ್ನು ನಿರ್ವಹಿಸಲು ಕೆಳಕಂಡವರಿಗೆ ಅಧಿಕಾರ ನೀಡತಕ್ಕದ್ದೆಂದು ಮುಂದುವರಿದು ನಿರ್ಣಯಿಸಲಾಗಿದೆ: ಎ ವರ್ಗ – ಶ್ರೀ/ಶ್ರೀಮತಿ ______, ಮುಖ್ಯ ಕಾರ್ಯನಿರ್ವಾಹಕರು, ಬಿ ವರ್ಗ – ಶ್ರೀ/ಶ್ರೀಮತಿ ______, ನಿರ್ದೇಶಕರು, ಮತ್ತು ಶ್ರೀ/ಶ್ರೀಮತಿ ______, ನಿರ್ದೇಶಕರು. ಒಂದು ದಿನದಲ್ಲಿ ಒಟ್ಟು ರೂ. 25,000 ಮೀರದ ಪಾವತಿಗಳಿಗೆ ಎ ವರ್ಗದವರ ಒಂಟಿ ಸಹಿಯೂ, ಅದನ್ನು ಮೀರಿದ ಪ್ರತಿಯೊಂದು ಪಾವತಿಗೆ ಎ ವರ್ಗದವರ ಹಾಗೂ ಬಿ ವರ್ಗದವರಲ್ಲಿ ಒಬ್ಬರ ಜಂಟಿ ಸಹಿಯೂ ಅಗತ್ಯ. ಈ ನಿಯಮವು ಚೆಕ್, ಹಣ ವರ್ಗಾವಣೆಯ ಪತ್ರ ಹಾಗೂ ಇಂಟರ್ನೆಟ್ ಬ್ಯಾಂಕಿಂಗ್‌ಗೆ ಸಮಾನವಾಗಿ ಅನ್ವಯಿಸುತ್ತದೆ.

‘ಈ ನಿರ್ಣಯವು ಸಾಲ, ಓವರ್‌ಡ್ರಾಫ್ಟ್ ಅಥವಾ ನಗದು ಸಾಲ ಪಡೆಯಲು ಅಧಿಕಾರ ನೀಡುವುದಿಲ್ಲವೆಂದು ಮುಂದುವರಿದು ನಿರ್ಣಯಿಸಲಾಗಿದೆ.

‘ಸದರಿ ಖಾತೆಯ ಲೆಕ್ಕಪಟ್ಟಿಯನ್ನು ಮುಖ್ಯ ಕಾರ್ಯನಿರ್ವಾಹಕರು ಮಂಡಳಿಯ ಪ್ರತಿ ಸಭೆಯ ಮುಂದೆ ಇಡತಕ್ಕದ್ದೆಂದೂ, ಮಂಡಳಿಯು ಬೇರೆ ನಿರ್ಣಯದ ಮೂಲಕ ಈ ಅಧಿಕಾರವನ್ನು ಹಿಂಪಡೆದು ಬ್ಯಾಂಕಿಗೆ ಬರಹದಲ್ಲಿ ತಿಳಿಸುವವರೆಗೆ ಇದು ಜಾರಿಯಲ್ಲಿರತಕ್ಕದ್ದೆಂದೂ ಮುಂದುವರಿದು ನಿರ್ಣಯಿಸಲಾಗಿದೆ.’

ನಡಾವಳಿಯ ಉಳಿದ ಭಾಗ ಭೂತಕಾಲದಲ್ಲೂ ನಿರ್ಣಯ ವರ್ತಮಾನದಲ್ಲೂ ಇರಬೇಕೆಂಬುದು ಕಂಪನಿ ಕಾರ್ಯದರ್ಶಿಗಳ ಸಂಸ್ಥೆಯ ಮಂಡಳಿ ಸಭೆಗಳ ಮಾನದಂಡದ ನಿಯಮ. ‘ಚರ್ಚಿಸಿತು’, ‘ಪರಿಶೀಲಿಸಿತು’ ಎಂಬವು ನಿರ್ಣಯದ ಹೊರಗೆ, ‘ನಿರ್ಣಯಿಸಲಾಗಿದೆ’ ಎಂಬುದು ಒಳಗೆ ಇರುವುದು ಅದರಿಂದಲೇ. ಶಾಖೆಗಳು ಬಹುತೇಕ ಇಂಗ್ಲಿಷ್ ಪ್ರತಿಯನ್ನೇ ಕೇಳುತ್ತವೆ. ಹಾಗಿದ್ದರೂ ನಡಾವಳಿ ಪುಸ್ತಕದಲ್ಲಿ ಕನ್ನಡದ ಪಾಠ ಇದ್ದರೆ ಸಹಿ ಹಾಕುವ ನಿರ್ದೇಶಕರಿಗೆ ತಾವು ಒಪ್ಪಿದ್ದೇನೆಂದು ಗೊತ್ತಿರುತ್ತದೆ. ಎರಡೂ ಪಾಠಗಳಲ್ಲಿ ಮೊತ್ತ ಮತ್ತು ವರ್ಗಗಳು ಒಂದೇ ಆಗಿವೆಯೇ ಎಂದು ಓದಿ ನೋಡಬೇಕಷ್ಟೆ.

ವರ್ಗಗಳನ್ನು ಏಕೆ ಮಾಡಬೇಕು? ಅಚ್ಚಿನ ನಮೂನೆಗಳಲ್ಲಿ ಮೂರು ಹೆಸರುಗಳ ಕೆಳಗೆ ‘ಯಾರಾದರೂ ಇಬ್ಬರು ಜಂಟಿಯಾಗಿ’ ಎಂಬ ಸಾಲು ಇರುತ್ತದೆ. ನಮ್ಮ ಉದಾಹರಣೆಗೆ ಅದನ್ನು ಅನ್ವಯಿಸಿ ನೋಡಿ: ಇಬ್ಬರು ನಿರ್ದೇಶಕರೇ ಸೇರಿ, ಕಾನೂನು ಬೊಟ್ಟು ಮಾಡಿದ ಮುಖ್ಯ ಕಾರ್ಯನಿರ್ವಾಹಕರ ಅರಿವಿಗೆ ಬಾರದೆ ಖಾತೆಯನ್ನು ಪೂರ್ತಿ ಖಾಲಿ ಮಾಡಬಹುದು. ಆ ಸಾಲಿನಿಂದ ಸಹಿಯ ಸಂಖ್ಯೆ ಎರಡಾಯಿತು, ಪರಸ್ಪರ ತಪಾಸಣೆ ಮಾತ್ರ ಇಲ್ಲವಾಯಿತು. ಇನ್ನೊಂದು ಸಂದು ಇಂಟರ್ನೆಟ್ ಬ್ಯಾಂಕಿಂಗ್‌ನದು. ನಿರ್ಣಯ ‘ಚೆಕ್ಕುಗಳಿಗೆ’ ಎಂದಷ್ಟೇ ಹೇಳಿದ್ದರೆ, ಕಂಪ್ಯೂಟರಿನಲ್ಲಿ ಪಾವತಿ ದಾಖಲಿಸುವವರೂ ಅನುಮೋದಿಸುವವರೂ ಒಬ್ಬರೇ ಆಗುವಂತೆ ಬಳಕೆದಾರರನ್ನು ಸೃಷ್ಟಿಸಿಬಿಡಲು ಸಾಧ್ಯ. ಕಂಪನಿಯ ಚೆಕ್ ಪುಸ್ತಕದ ಹಾಳೆಗಳು ಹಾಗೇ ಉಳಿದು, ವರ್ಗಾವಣೆಗಳೆಲ್ಲ ಒಂದೇ ಬಳಕೆದಾರರ ಹೆಸರಿನಲ್ಲಿ ಕಾಣುತ್ತಿದ್ದರೆ ಈ ಸಂದು ತೆರೆದಿದೆ ಎಂದೇ ಅರ್ಥ.

ಸಾಲದ ಪ್ಯಾರಾ ಅನೇಕರಿಗೆ ಅನಗತ್ಯವೆನಿಸಬಹುದು. ಆದರೆ ಬಹಳಷ್ಟು ಅಚ್ಚಿನ ನಮೂನೆಗಳಲ್ಲಿ ಖಾತೆ ‘ಜಮೆಯಲ್ಲಿರಲಿ, ಸಾಲದಲ್ಲಿರಲಿ’ ಸಹಿದಾರರ ಆದೇಶವನ್ನು ಬ್ಯಾಂಕ್ ಪಾಲಿಸಬಹುದು ಎಂಬ ಅರ್ಥದ ಸಾಲು ಅಡಗಿರುತ್ತದೆ. ಖಾತೆ ತೆರೆಯುವ ನಿರ್ಣಯವನ್ನು ಸುತ್ತೋಲೆಯಲ್ಲಿ ಒಪ್ಪಿಸಿಕೊಂಡಿದ್ದು ಅದರೊಳಗೆ ಈ ಸಾಲೂ ಇದ್ದರೆ, ಸಭೆಯಲ್ಲೇ ಆಗಬೇಕಾದ ತೀರ್ಮಾನವೊಂದು ಸಭೆಯಿಲ್ಲದೆ ಆದಂತಾಯಿತು. ಕೊಯ್ಲಿನ ಕಾಲದ ನಗದು ಸಾಲಕ್ಕೆ ಮಿತಿ, ಭದ್ರತೆ, ಬಡ್ಡಿ ಎಲ್ಲ ಬರೆದ ಪ್ರತ್ಯೇಕ ನಿರ್ಣಯ ಬೇಕು.

ಲೆಕ್ಕಪಟ್ಟಿಯ ಷರತ್ತಿಗೆ ಇದೇ ಜಿಲ್ಲೆಯ ಹಿನ್ನೆಲೆಯ ಉದ್ಯಮದಿಂದ ಕಾರಣ ಸಿಗುತ್ತದೆ. ಕಾಫಿ ಡೇ ಎಂಟರ್‌ಪ್ರೈಸಸ್ ವಿಷಯದಲ್ಲಿ ಸೆಬಿ 2023ರ ಜನವರಿಯಲ್ಲಿ ಹೊರಡಿಸಿದ ಆದೇಶವು, ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಎಂಬ ಪ್ರವರ್ತಕ ಕುಟುಂಬದ ಕಂಪನಿಗೆ ಹೋಗಿದೆ ಎಂದು ಹೇಳಿ 26 ಕೋಟಿ ರೂಪಾಯಿ ದಂಡ ವಿಧಿಸಿತು. ಸಣ್ಣ ಬೆಳೆಗಾರರ ಕಂಪನಿಗೂ ಅದಕ್ಕೂ ಗಾತ್ರದಲ್ಲಿ ಹೋಲಿಕೆಯೇ ಇಲ್ಲ. ಆದರೆ ಒಂದು ಮಾತು ಎರಡಕ್ಕೂ ಸಲ್ಲುತ್ತದೆ: ಸಹಿ ಅಧಿಕೃತವೇ ಎಂಬುದನ್ನು ಬ್ಯಾಂಕ್ ನೋಡುತ್ತದೆ, ಹಣ ಯಾತಕ್ಕೆ ಹೋಯಿತು ಎಂಬುದನ್ನು ಮಂಡಳಿಯೇ ನೋಡಬೇಕು.

ಬ್ಯಾಂಕ್ ನೋಡುವುದು ಸಹಿಯನ್ನೇ ಆದರೂ ಆ ಹೊಣೆ ಕಟ್ಟುನಿಟ್ಟಿನದು. ಕೆನರಾ ಬ್ಯಾಂಕ್ ಮತ್ತು ಕೆನರಾ ಸೇಲ್ಸ್ ಕಾರ್ಪೊರೇಷನ್ ನಡುವಣ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1987ರಲ್ಲಿ ಕೊಟ್ಟ ತೀರ್ಪು ಇದಕ್ಕೆ ಆಧಾರ. ಅಲ್ಲಿ ಚೆಕ್ ಪುಸ್ತಕ ಇಟ್ಟುಕೊಂಡಿದ್ದ ಲೆಕ್ಕಿಗರು 42 ಚೆಕ್ಕುಗಳಿಗೆ ವ್ಯವಸ್ಥಾಪಕ ನಿರ್ದೇಶಕರ ಸಹಿಯನ್ನು ನಕಲು ಮಾಡಿದ್ದರು. ಕಂಪನಿ ತನ್ನ ಲೆಕ್ಕವನ್ನು ಸಕಾಲದಲ್ಲಿ ನೋಡಲಿಲ್ಲವೆಂಬ ಬ್ಯಾಂಕಿನ ವಾದ ನಿಲ್ಲಲಿಲ್ಲ. ನಕಲಿ ಸಹಿಯ ಚೆಕ್ಕಿಗೆ ಹಣ ಕೊಟ್ಟ ನಷ್ಟ ಬ್ಯಾಂಕಿನದೇ ಆಯಿತು. ಈ ರಕ್ಷಣೆ ಇರುವುದು ನಕಲಿ ಸಹಿಗೆ ಮಾತ್ರ. ಅಧಿಕೃತ ಸಹಿದಾರರೇ ಖಾಲಿ ಚೆಕ್ಕಿಗೆ ಮೊದಲೇ ಸಹಿ ಮಾಡಿ ಕಚೇರಿಯ ಮೇಜಿನಲ್ಲಿಟ್ಟು ತೋಟಕ್ಕೆ ಹೋದರೆ ಆ ಸಹಿ ನಿಜವಾದದ್ದೇ, ತೀರ್ಪು ನೆರವಿಗೆ ಬರುವುದಿಲ್ಲ. ಜಂಟಿ ಸಹಿಯ ನಿಯಮ ಕೊಯ್ಲಿನ ದಿನಗಳಲ್ಲಿ ಸಡಿಲವಾಗುವುದು ಹೆಚ್ಚಾಗಿ ಈ ದಾರಿಯಿಂದಲೇ. ದಿನದ ಒಂಟಿ ಸಹಿಯ ಮಿತಿಯನ್ನು ತೀರ ಕಡಿಮೆ ಇಟ್ಟರೆ ಈ ಚಾಳಿಯನ್ನು ನಾವೇ ಕರೆದಂತೆ; ಬಟವಾಡೆಯ ಮೊತ್ತ ನೋಡಿಕೊಂಡು ಮಿತಿ ಹಾಕಬೇಕು.

ದೃಢೀಕೃತ ಪ್ರತಿಯನ್ನು ಶಾಖೆಗೆ ಒಯ್ದ ಮೇಲೆ ಅದು ಮರಳಿ ಬರುವುದಾದರೆ ಹೆಚ್ಚಾಗಿ ಹೆಸರುಗಳಿಂದ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರ ಇಟ್ಟುಕೊಳ್ಳುವ ನಮ್ಮ ರೂಢಿಯಿಂದಾಗಿ ಪ್ಯಾನ್‌ನಲ್ಲಿ ಬಿಡಿಸಿ ಬರೆದ ಹೆಸರು, ಆಧಾರ್‌ನಲ್ಲಿ ಒಂದೇ ಅಕ್ಷರ, ನಿರ್ದೇಶಕರ ದಾಖಲೆಯಲ್ಲಿ ಮತ್ತೊಂದು ಕ್ರಮ. ರಿಸರ್ವ್ ಬ್ಯಾಂಕಿನ ಗ್ರಾಹಕ ಗುರುತಿನ ನಿಯಮಗಳು ನಿರ್ಣಯದ ಜೊತೆಗೆ ಸಹಿದಾರರ ವೈಯಕ್ತಿಕ ಗುರುತಿನ ದಾಖಲೆಯನ್ನೂ ಕೇಳುವುದರಿಂದ, ನಿರ್ಣಯದಲ್ಲಿ ಪ್ಯಾನ್‌ನಲ್ಲಿರುವಂತೆಯೇ ಹೆಸರು ಬರೆದು ಮಾದರಿ ಸಹಿಯನ್ನು ಅದರ ಕೆಳಗೇ ಪಡೆಯುವುದು ಸುಲಭ. ಪ್ರತಿಯನ್ನು ದೃಢೀಕರಿಸುವವರು ಸಹಿದಾರರಲ್ಲದ ಒಬ್ಬ ನಿರ್ದೇಶಕರಾದರೆ ಒಳ್ಳೆಯದು.

ಸಹಿದಾರರೊಬ್ಬರು ಮಂಡಳಿಯಿಂದ ಹೊರಬಿದ್ದ ದಿನ ಇಡೀ ಏರ್ಪಾಡಿನ ಪರೀಕ್ಷೆಯಾಗುತ್ತದೆ. ಹೊಸಬರ ಹೆಸರು ಸೇರಿಸಿದರೆ ಹಳಬರ ಅಧಿಕಾರ ತಾನಾಗಿ ಹೋಗುವುದಿಲ್ಲ. ‘ದಿನಾಂಕ ______ರ ನಿರ್ಣಯದ ಮೂಲಕ ಇವರಿಗೆ ನೀಡಿದ್ದ ಅಧಿಕಾರವನ್ನು ತಕ್ಷಣದಿಂದ ಹಿಂಪಡೆಯಲಾಗಿದೆ’ ಎಂದು ಬರೆದು ಶಾಖೆಯಿಂದ ಸ್ವೀಕೃತಿ ಪಡೆಯಬೇಕು, ಇಂಟರ್ನೆಟ್ ಬಳಕೆದಾರರ ಗುರುತನ್ನೂ ಅದೇ ದಿನ ಮುಚ್ಚಿಸಬೇಕು. ಅವರು ಹಿಂದೆ ಸಹಿ ಮಾಡಿಕೊಟ್ಟ ಚೆಕ್ಕುಗಳು ಮೂರು ತಿಂಗಳವರೆಗೆ ಚಾಲ್ತಿಯಲ್ಲಿರುತ್ತವೆ. ಸಂದಾಯಕ್ಕೆ ಬಾಕಿಯಿರುವ ಅಂಥ ಚೆಕ್ಕುಗಳ ಸಂಖ್ಯೆ, ದಿನಾಂಕ, ಮೊತ್ತ ಮತ್ತು ಪಡೆಯುವವರ ಹೆಸರಿನ ಪಟ್ಟಿಯನ್ನು ಹಿಂಪಡೆವ ನಿರ್ಣಯದ ಜೊತೆಗೇ ಶಾಖೆಗೆ ಕೊಟ್ಟು, ಪಟ್ಟಿಯಲ್ಲಿರುವುದಕ್ಕೆ ಮಾತ್ರ ಹಣ ಕೊಡುವಂತೆ ಬರಹದಲ್ಲಿ ಕೋರಬೇಕು.